ಮೊತ್ತ ನೂರು ಬಂದರೆ ಸಾಲದು, ತಲೆ ಎಣಿಕೆಯನ್ನೂ ನೋಡಿ

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರ ಗುಂಪುಗಳಲ್ಲಿ ಸಂಶೋಧನಾ ಲೇಖನದ ಕೋಷ್ಟಕದ ಸ್ಕ್ರೀನ್‌ಶಾಟ್ ಜಾಸ್ತಿ ಓಡಾಡುತ್ತವೆ. ಅದನ್ನು ನಂಬಿ ಔಷಧಿ ಕೊಳ್ಳುವ ಮೊದಲು ಹೀಗೆ ನೋಡಿ.

ಉದಾಹರಣೆಗೆ, ಕೋಷ್ಟಕದ ಮೇಲೆ n = 35, ಅಂದರೆ ಒಟ್ಟು 35 ರೈತರು, ಅಂತಿದೆ ಅಂದುಕೊಳ್ಳಿ. ಕೆಳಗೆ ‘ಡೌನಿ ರೋಗ ಕಡಿಮೆಯಾಯಿತು 64.0%, ಆಗಲಿಲ್ಲ 36.0%’. ಕೂಡಿದರೆ ಸರಿಯಾಗಿ 100. ತೀರ್ಮಾನ: ‘ಹೆಚ್ಚಿನ ರೈತರಿಗೆ ಉಪಯೋಗವಾಗಿದೆ.’

ಈಗ 35ರ 64% ತೆಗೆಯಿರಿ. 22.4 ಬರುತ್ತದೆ. ರೈತರು ಪಾಯಿಂಟ್‌ನಲ್ಲಿ ಇರಲ್ಲ ಅಲ್ವಾ? 22 ಜನ ಅಂದರೆ 62.9%, 23 ಅಂದರೆ 65.7%. ನಡುವೆ 64.0 ಬರಲು ದಾರಿಯೇ ಇಲ್ಲ. ಅಂದರೆ ಭಾಗಿಸಿದ್ದು 35ರಿಂದ ಅಲ್ಲ. 35ರೊಳಗೆ 64.0 ಕೊಡುವುದು 25ರಲ್ಲಿ 16 ಮಾತ್ರ. ಹಾಗಾದರೆ ಉಳಿದ 10 ಜನ ಎಲ್ಲಿ? ಉತ್ತರ ಕೊಡಲಿಲ್ಲವೋ, ಸಿಂಪಡಣೆ ನಡುವೆ ಬಿಟ್ಟರೋ? ಎಲ್ಲ 35 ಜನರನ್ನೂ ಲೆಕ್ಕಕ್ಕೆ ಹಿಡಿದರೆ 16 ಅಂದರೆ 45.7%. ಅರ್ಧಕ್ಕಿಂತ ಕಡಿಮೆ! ತೀರ್ಮಾನ ಅಲ್ಲೇ ಅಲುಗಾಡುತ್ತದೆ.

ಆದರೆ ಕೂಡಲೇ ಮೋಸ ಅನ್ನಬೇಡಿ. ಕಾರಣ ಅಡಿಟಿಪ್ಪಣಿಯಲ್ಲಿ ಇರಬಹುದು, ಸ್ಕ್ರೀನ್‌ಶಾಟ್‌ನಲ್ಲಿ ಕತ್ತರಿಸಿ ಹೋಗುವುದೂ ಅದೇ. ಕಳಿಸಿದವರ ಹತ್ತಿರ ಪೂರ್ತಿ ಪಿಡಿಎಫ್ ಕೇಳಿ. ಮೊತ್ತ 99.9 ಅಥವಾ 100.1 ಬಂದರೆ ಚಿಂತೆಯಿಲ್ಲ, ಅದು ದಶಮಾಂಶ ಸರಿಹೊಂದಿಸಿದ ವ್ಯತ್ಯಾಸ. ಒಬ್ಬರೇ ಎರಡು ಉತ್ತರ ಆರಿಸಬಹುದಾದ ಪ್ರಶ್ನೆಯಲ್ಲಿ ಮೊತ್ತ 100 ದಾಟುವುದೂ ಸಹಜ. ಜನ ಸಾವಿರಗಟ್ಟಲೆ ಇದ್ದರೆ ಮಾತ್ರ ಈ ತಲೆ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ, ಆಗ ಯಾವ ಶೇಕಡಾವಾರಾದರೂ ಹೊಂದಿಬಿಡುತ್ತದೆ.