ಲಕ್ಷಣ ಹಿಡಿದು ಪ್ಲಾಕ್ ಹುಡುಕುವುದು ಹೇಗೆ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರ ಎಂಆರ್‌ಐ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಅತಿ ದೊಡ್ಡ ಬಿಳಿ ಮಚ್ಚೆಯ ಮೇಲೆ ನಿಲ್ಲುತ್ತದೆ. ಕಾಲು ಜೋಮು ಹಿಡಿದಿರುವುದಕ್ಕೂ ಅದೇ ಕಾರಣ ಎಂದು ತೀರ್ಮಾನವಾಗಿಬಿಡುತ್ತದೆ. ಎಷ್ಟೋ ಸಲ ಆ ಮಚ್ಚೆ ಯಾವ ತೊಂದರೆಯನ್ನೂ ಕೊಡದೆ ಸುಮ್ಮನೆ ಕೂತಿರುತ್ತದೆ. ಕಾಲನ್ನು ಕಾಡುತ್ತಿರುವ ಪ್ಲಾಕ್, ಅಂದರೆ ನರತಂತುವಿನ ಹೊದಿಕೆ ಕಿತ್ತುಹೋದ ಜಾಗ, ಸ್ಕ್ಯಾನ್ ಮಾಡಿಸದೇ ಬಿಟ್ಟ ಕುತ್ತಿಗೆಯಲ್ಲಿರುತ್ತದೆ. ಆದ್ದರಿಂದ ನನ್ನ ಕ್ರಮ ಇದು: ಮೊದಲು ಲಕ್ಷಣ, ಆಮೇಲೆ ಚಿತ್ರ.

ಹಂತ 1: ನಿಂತಿರುವುದು ಏನು?

ಮೆದುಳು, ಬೆನ್ನುಹುರಿ ಮತ್ತು ದೃಷ್ಟಿನರದ ತಂತುಗಳಿಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆಯ ನಡುನಡುವೆ ಸಣ್ಣ ತೆರಪುಗಳಿದ್ದು, ಸಂಕೇತ ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತಾ ಸಾಗುತ್ತದೆ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಕೋಶಗಳೇ ಈ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತವೆ. ಹಾಗೆ ಕಿತ್ತುಹೋದ ಜಾಗವೇ ಪ್ಲಾಕ್. ಅಲ್ಲಿ ಸಂಕೇತ ನಿಧಾನವಾಗುತ್ತದೆ ಇಲ್ಲವೇ ಪೂರ್ತಿ ನಿಂತುಹೋಗುತ್ತದೆ. ಯಾವ ದಾರಿಯಲ್ಲಿ ನಿಂತಿತೋ ಆ ದಾರಿಯ ಕೆಲಸ ಕೆಡುತ್ತದೆ. ಒಬ್ಬರಿಗೆ ಕಣ್ಣು ಮಂಜಾಗಿ ಇನ್ನೊಬ್ಬರಿಗೆ ಕಾಲು ಸೋಲುವುದು ಇದರಿಂದಲೇ.

ಮಯೆಲಿನ್ ಮತ್ತೆ ಬೆಳೆಸುತ್ತೇವೆ ಎಂದು ಮಾರುವ ಪುಡಿಗಳ ಬಗ್ಗೆ ಒಂದೇ ಮಾತು: ಕೊಳ್ಳಬೇಡಿ. ಹೊದಿಕೆ ಮತ್ತೆ ಬೆಳೆಯುವುದುಂಟು, ಆದರೆ ಅದು ಆಲಿಗೊಡೆಂಡ್ರೊಸೈಟ್ ಎಂಬ ಕೋಶಗಳ ಕೆಲಸ. ಕೊಬ್ಬು ತಿಂದರೆ ಅದು ನೇರವಾಗಿ ನರಕ್ಕೆ ಹೋಗಿ ಅಂಟಿಕೊಳ್ಳುವುದಿಲ್ಲ.

ಹಂತ 2: ಗಡಿಯಾರ ನೋಡಿ

ಹೊಸ ಪ್ಲಾಕ್‌ನ ಲಕ್ಷಣ ಗಂಟೆಗಳಲ್ಲಿ, ದಿನಗಳಲ್ಲಿ ಏರುತ್ತದೆ ಮತ್ತು ಕನಿಷ್ಠ 24 ಗಂಟೆ ಇರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ಬಿದ್ದುಹೋದರೆ ಪಾರ್ಶ್ವವಾಯು ಎಂದೇ ತಿಳಿದು ಆಸ್ಪತ್ರೆಗೆ ಓಡಿ. ಜ್ವರ ಬಂದಾಗ ಅಥವಾ ಬಿಸಿನೀರಿನ ಸ್ನಾನದ ನಂತರ ಹಳೆಯ ಲಕ್ಷಣ ಮರುಕಳಿಸಿ, ಮೈ ತಣ್ಣಗಾದ ಮೇಲೆ ಹೋದರೆ ಅದನ್ನು ಹೊಸ ಪ್ಲಾಕ್ ಎನ್ನಬೇಡಿ. ಹೊದಿಕೆ ಕಳೆದುಕೊಂಡ ತಂತು ಸ್ವಲ್ಪ ಉಷ್ಣ ಏರಿದರೂ ಕೈಕೊಡುತ್ತದೆ. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಹ್ಟಾಫ್ 1890ರಲ್ಲೇ, ಮೈ ದಣಿದಾಗ ದೃಷ್ಟಿ ಸ್ವಲ್ಪ ಹೊತ್ತು ಮಂಜಾಗುವುದನ್ನು ಗಮನಿಸಿ ಬರೆದಿದ್ದರು.

ಹಂತ 3: ಕುತ್ತಿಗೆಯಿಂದ ಮೇಲಿನವು

ಇವು ಹೋಲಿಕೆಯಲ್ಲಿ ಸುಲಭ. ಒಂದೇ ಕಣ್ಣು ಮಂಜಾಗಿ, ಗುಡ್ಡೆ ಹೊರಳಿಸಿದರೆ ನೋವಾಗಿ, ಕೆಂಪು ಬಣ್ಣ ಆ ಕಣ್ಣಿಗೆ ಮಾತ್ರ ಮಾಸಿದಂತೆ ಕಂಡರೆ ದೃಷ್ಟಿನರ. ಬಲಕ್ಕೆ ನೋಡುವಾಗ ಎಡಗಣ್ಣು ಮೂಗಿನತ್ತ ಬಾರದೆ ಹಿಂದುಳಿದು, ಬಲಗಣ್ಣು ಅದುರುತ್ತಿದ್ದರೆ, ಎರಡೂ ಕಣ್ಣುಗಳನ್ನು ಹೊಂದಿಸುವ ತಂತುಕಟ್ಟು ಮೆದುಳುಕಾಂಡದ ಎಡಭಾಗದಲ್ಲಿ ಕೆಟ್ಟಿದೆ. ಲೋಟ ಹಿಡಿಯಲು ಹೋದಾಗ ಹತ್ತಿರವಾದಷ್ಟೂ ಕೈ ಹೆಚ್ಚು ನಡುಗಿದರೆ ಚಿಕ್ಕಮೆದುಳು ಅಥವಾ ಅದರ ಸಂಪರ್ಕದ ದಾರಿ.

ಹಂತ 4: ಬೆನ್ನುಹುರಿ, ಇಲ್ಲೇ ಎಲ್ಲರೂ ಎಡವುವುದು

ಇಪ್ಪತ್ತೊಂಬತ್ತು ವರ್ಷದ ಒಬ್ಬಾಕೆ ಇದ್ದಾಳೆಂದು ಇಟ್ಟುಕೊಳ್ಳೋಣ. ಎಡ ಪಾದದಲ್ಲಿ ಶುರುವಾದ ಜೋಮು ನಾಲ್ಕು ದಿನದಲ್ಲಿ ಹೊಕ್ಕುಳವರೆಗೆ ಏರಿದೆ. ಬಲಗಾಲು ಭಾರ. ಸೊಂಟದ ಎಂಆರ್‌ಐನಲ್ಲಿ ನಾಲ್ಕನೇ ಮತ್ತು ಐದನೇ ಸೊಂಟದ ಮೂಳೆಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ. "ಡಿಸ್ಕ್ ಜಾರಿದೆ, ಮಲಗಿ" ಎಂದು ಮನೆಗೆ ಕಳಿಸುತ್ತಾರೆ.

ಇದು ಹೊಂದುವುದೇ ಇಲ್ಲ. ವಯಸ್ಕರಲ್ಲಿ ಬೆನ್ನುಹುರಿ ಮೊದಲನೇ ಅಥವಾ ಎರಡನೇ ಸೊಂಟದ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗಿರುವುದು ಕಾಲಿಗೂ ಮೂತ್ರಕೋಶಕ್ಕೂ ಹೋಗುವ ನರಬೇರುಗಳು. ಅಲ್ಲಿನ ಡಿಸ್ಕ್ ಹೊಕ್ಕುಳವರೆಗೆ ಮರಗಟ್ಟಿಸಲಾರದು.

ಎರಡನೇ ತಪ್ಪು ಇದಕ್ಕಿಂತ ಸೂಕ್ಷ್ಮ. ಹೊಕ್ಕುಳ ಅಂದರೆ ಹತ್ತನೇ ಎದೆಯ ನರದ ಮಟ್ಟ, ಹಾಗಾಗಿ ಪ್ಲಾಕ್ ಎದೆಯ ಹಿಂದೆಯೇ ಇರಬೇಕೆಂದು ಆ ಭಾಗವನ್ನಷ್ಟೇ ಸ್ಕ್ಯಾನ್ ಮಾಡಿಸುತ್ತಾರೆ. ಅದೂ ಸ್ವಚ್ಛವಾಗಿ ಬರುತ್ತದೆ. ಮರಗಟ್ಟಿದ ಗೆರೆ ಹೇಳುವುದು ಇಷ್ಟೇ: ಪ್ಲಾಕ್ ಇಲ್ಲಿರಬಹುದು ಅಥವಾ ಇದಕ್ಕಿಂತ ಮೇಲೆ ಎಲ್ಲಾದರೂ ಇರಬಹುದು. ನೋವು ಮತ್ತು ಬಿಸಿಯ ಸುದ್ದಿ ಒಯ್ಯುವ ತಂತುಗಳು ಹುರಿಯಲ್ಲಿ ಪದರಪದರವಾಗಿ ಜೋಡಣೆಗೊಂಡಿರುತ್ತವೆ. ಕಾಲಿನವು ಹೊರ ಅಂಚಿನಲ್ಲಿ, ಕೈಯವು ಒಳಗೆ. ಎಂಎಸ್ ಪ್ಲಾಕ್‌ಗಳಿಗೆ ಹುರಿಯ ಹೊರ ಅಂಚೆಂದರೆ ಪ್ರೀತಿ. ಆದ್ದರಿಂದ ಕುತ್ತಿಗೆಯ ಪ್ಲಾಕ್ ಒಳಪದರ ಮುಟ್ಟದೆ ಕಾಲು ಮತ್ತು ಹೊಟ್ಟೆಯ ತಂತುಗಳನ್ನು ಮಾತ್ರ ಹಿಡಿದರೆ ಗೆರೆ ಹೊಕ್ಕುಳದಲ್ಲೇ ನಿಂತುಬಿಡುತ್ತದೆ.

ಹಾಗಾದರೆ ಮೇಲಕ್ಕೆ ಎಲ್ಲಿವರೆಗೆ? ಎರಡು ಪ್ರಶ್ನೆ ಕೇಳಿ. ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುತ್ತದೆಯೇ? ಇದಕ್ಕೆ ಲೆರ್ಮಿಟ್ ಲಕ್ಷಣ ಎನ್ನುತ್ತಾರೆ. ಕುತ್ತಿಗೆಯ ಹುರಿಯ ಹಿಂಬದಿಯತ್ತ ಬೆರಳು ತೋರಿಸುತ್ತದೆ, ಎಂಎಸ್ ಅಲ್ಲದ ಕಾರಣಕ್ಕೂ ಬರಬಹುದು. ಇನ್ನೊಂದು, ಕೈ ಹೇಗಿದೆ? ಈಕೆ ಕೇಳುವ ತನಕ ಹೇಳಿರಲಿಲ್ಲ: ಅಂಗಿಯ ಗುಂಡಿ ಹಾಕುವಾಗ ಬಲಗೈ ಬೆರಳು ತಡಕಾಡುತ್ತದೆ. ಕೈ ಸೇರಿತೆಂದರೆ ಎದೆಯ ಮಟ್ಟದ ಮಾತು ಮುಗಿಯಿತು.

ಇನ್ನು ಎಡವೋ ಬಲವೋ. ಇದಕ್ಕೆ ಎರಡು ಬಗೆಯ ಸ್ಪರ್ಶವನ್ನು ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು. ಬೆರಳಿನಿಂದ ಸವರಿ "ಗೊತ್ತಾಗುತ್ತಾ?" ಎಂದು ಕೇಳಿ ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಂಪನಕ್ಕೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬೇಕು. ಫೋನನ್ನು ವೈಬ್ರೇಟ್‌ಗೆ ಹಾಕಿ ಒತ್ತುವ ಅಡ್ಡದಾರಿ ಬೇಡ. ಬಿಸಿ-ತಣ್ಣನೆಗೆ ತಣ್ಣನೆಯ ಲೋಹದ ತುಂಡು ಸಾಕು. ಕಂಪನದ ತಂತು ಹುರಿಯ ಅದೇ ಬದಿಯಲ್ಲಿ ಮೇಲೇರಿ ಮೆದುಳುಕಾಂಡದಲ್ಲಿ ದಾಟುತ್ತದೆ. ನೋವು ಮತ್ತು ಬಿಸಿಯ ತಂತು ಹುರಿಗೆ ಬಂದ ಸ್ವಲ್ಪದರಲ್ಲೇ ಎದುರು ಬದಿಗೆ ದಾಟುತ್ತದೆ. ಈಕೆಗೆ ಬಲಗಾಲಲ್ಲಿ ಕಂಪನ ತಿಳಿಯುವುದಿಲ್ಲ, ಎಡಗಾಲಿಗೆ ಲೋಹ ತಣ್ಣಗೆನಿಸುವುದಿಲ್ಲ. ಎರಡಕ್ಕೂ ಒಂದೇ ಉತ್ತರ ಹೊಂದುತ್ತದೆ: ಹುರಿಯ ಬಲ ಅರ್ಧ. ಬಲಗಾಲಿನ ಭಾರವೂ ಅಲ್ಲೇ ಸೇರುತ್ತದೆ, ಚಲನೆಯ ತಂತು ಹುರಿಗೆ ಇಳಿಯುವ ಮೊದಲೇ ದಾಟಿರುತ್ತದೆ.

ಹೀಗೆ ಬರೆದಿಟ್ಟುಕೊಂಡು ಕುತ್ತಿಗೆಯ ಸ್ಕ್ಯಾನ್ ಮಾಡಿಸಿದರೆ, ನಾಲ್ಕು-ಐದನೇ ಕುತ್ತಿಗೆ ಮೂಳೆಯ ಎತ್ತರದಲ್ಲಿ, ಬಲಕ್ಕೆ, ಹಿಂಬದಿಯಲ್ಲಿ, ಎರಡು ಮೂಳೆಗಿಂತ ಕಡಿಮೆ ಉದ್ದದ ಮಚ್ಚೆ. ಎಂಎಸ್‌ನ ಪ್ಲಾಕ್ ಸಾಮಾನ್ಯವಾಗಿ ಹೀಗೆ ಗಿಡ್ಡ, ಒಂದು ಬದಿಗೆ. ಮೂರು ಅಥವಾ ಹೆಚ್ಚು ಮೂಳೆಗಳಷ್ಟು ಉದ್ದವಿದ್ದು ಹುರಿಯ ನಡುವನ್ನೇ ಆಕ್ರಮಿಸಿದ್ದರೆ ಎಂಎಸ್ ಎಂದು ಆತುರಪಡಬೇಡಿ. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಬೇರೆ ಕಾಯಿಲೆ ಇರಬಹುದು. ಅದಕ್ಕೆ ಅಕ್ವಪೊರಿನ್-4 ಪ್ರತಿಕಾಯದ ರಕ್ತಪರೀಕ್ಷೆ ಬೇಕು, ಔಷಧಿಯೂ ಬೇರೆ. ಎಂಎಸ್‌ನ ಕೆಲವು ಔಷಧಿಗಳು ಅದನ್ನು ಕೆರಳಿಸುತ್ತವೆ.

ಹಂತ 5: ಈಗ ಮೆದುಳಿನ ಚಿತ್ರ ತೆಗೆಯಿರಿ

ಈಕೆಯ ಮೆದುಳಿನಲ್ಲಿ ದ್ರವಕೋಣೆಗಳ ಅಂಚಿಗೆ ಆರು ಮಚ್ಚೆಗಳಿವೆ ಎನ್ನೋಣ. ಅವುಗಳಲ್ಲಿ ಯಾವುದಕ್ಕೂ ಅವಳ ಕಾಲಿನೊಂದಿಗೆ ಸಂಬಂಧವಿಲ್ಲ. ಆ ಭಾಗದಲ್ಲಿ ಒಂದು ಸೆಂಟಿಮೀಟರ್ ಮಚ್ಚೆಯೂ ಸದ್ದಿಲ್ಲದೆ ಇರಬಲ್ಲದು, ಮೆದುಳುಕಾಂಡದಲ್ಲಿ ಕೆಲವೇ ಮಿಲಿಮೀಟರ್ ಸಾಕು ಎರಡೆರಡು ಕಾಣಿಸಲು. ಹಾಗೆಂದು ಆ ಆರು ವ್ಯರ್ಥವಲ್ಲ: ಕಾಯಿಲೆ ಒಂದಕ್ಕಿಂತ ಹೆಚ್ಚು ಕಡೆ ಇದೆ ಎಂಬುದಕ್ಕೆ ಅವು ಸಾಕ್ಷಿ. ಹೊಸ ಉರಿಯೂತವನ್ನು ಸ್ಕ್ಯಾನ್‌ನಲ್ಲಿ ಹೊಳೆಯಿಸುವ ಗ್ಯಾಡೊಲಿನಿಯಂ ಎಂಬ ದ್ರವ್ಯ ಚುಚ್ಚಿದಾಗ ಕುತ್ತಿಗೆಯ ಮಚ್ಚೆ ಹೊಳೆದು ಈ ಆರು ಹೊಳೆಯದಿದ್ದರೆ, ಕುತ್ತಿಗೆಯದು ಕೆಲವು ವಾರಗಳ ಈಚಿನದು, ಉಳಿದವು ಹಳೆಯವು ಎಂದು ಬಹುಮಟ್ಟಿಗೆ ಹೇಳಬಹುದು. ಆಗ ಎರಡು ವರ್ಷದ ಹಿಂದೆ ಒಂದು ಕಣ್ಣು ಕೆಲವು ವಾರ ಮಂಜಾಗಿ ತಾನೇ ಸರಿಹೋಗಿತ್ತೇ ಎಂದು ಕೇಳಿ. ಅವಳು ಅದನ್ನು ಕನ್ನಡಕದ ತೊಂದರೆ ಎಂದುಕೊಂಡು ಯಾರಿಗೂ ಹೇಳಿರಲಿಕ್ಕಿಲ್ಲ.