ಕೂಟದ ಮೊದಲ ದಿನ ಎಷ್ಟು ತುಂಬಿತ್ತು? ಮಾಸ್ಟರ್ಸ್ ಕೂಟದ ವಯೋಗುಂಪು ಪಟ್ಟಿ: ನನ್ನ ಅನುಭವ

35 ತುಂಬಿದವರು ಐದೈದು ವರ್ಷದ ವಯೋಗುಂಪುಗಳಲ್ಲಿ ಸ್ಪರ್ಧಿಸುವ ಜಿಲ್ಲಾ ಮಟ್ಟದ ಮಾಸ್ಟರ್ಸ್ ಕೂಟದಲ್ಲಿ ಗುಂಪಿನ ಜಗಳವಿಲ್ಲದೆ ಎರಡು ದಿನ ಕಳೆಯುವುದು ಸಾಧ್ಯವೇ ಇಲ್ಲ ಎಂದು ನಮ್ಮ ವಿಜಯಪುರದ ಹಳೆಯ ಅಧಿಕಾರಿಗಳು ನನಗೆ ಹೇಳಿದ್ದರು. 2024ರ ಡಿಸೆಂಬರ್ 7 ಮತ್ತು 8ರಂದು ನಾವು ನಡೆಸಿದ ಕೂಟದಲ್ಲಿ ಸುಮಾರು ಇನ್ನೂರು ಮಂದಿ ಓಡಿದರು, ಎಸೆದರು, ಜಿಗಿದರು. ಒಂದು ಪದಕವೂ ವಾಪಸು ಬರಲಿಲ್ಲ. ಪಟ್ಟಿ ಮಾಡಿದವನು ನಾನು, ಆದ್ದರಿಂದ ಹೇಳಿಕೊಳ್ಳುವ ಹಕ್ಕು ನನಗಿದೆ.

ಅದಕ್ಕೂ ಮೊದಲಿನ ಕೂಟಗಳಲ್ಲಿ ಪ್ರವೇಶ ಪತ್ರದಲ್ಲಿ ‘ವಯಸ್ಸು’ ಎಂಬ ಕಲಂ ಇರುತ್ತಿತ್ತು. ಇಂಡಿ, ಸಿಂದಗಿ ಕಡೆಯ ಹಿರಿಯರು ನಡೆಯುತ್ತಿರುವ ವಯಸ್ಸನ್ನು ಬರೆಯುತ್ತಿದ್ದರು, ನೌಕರಿಯಲ್ಲಿರುವವರು ತುಂಬಿದ ವಯಸ್ಸನ್ನು ಬರೆಯುತ್ತಿದ್ದರು. ಹೀಗೆ ಒಂದೇ ವಾರ ಹುಟ್ಟಿದ ಇಬ್ಬರು ಎರಡು ಗುಂಪಿಗೆ ಹೋಗುತ್ತಿದ್ದರು. ಆಮೇಲೆ ಇಸವಿಯಿಂದ ಇಸವಿ ಕಳೆಯುವ ಪದ್ಧತಿ ಬಂತು. ಅದರಿಂದ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವರಿಗೂ ಒಂದು ವರ್ಷ ಪುಕ್ಕಟೆ ಸಿಕ್ಕಿತು. ಒಂದು ವರ್ಷ ಗುಂಪಿನ ಹೆಸರು ಕೆತ್ತಿಸಿದ ಪದಕಗಳನ್ನು ಮತ್ತೆ ಮಾಡಿಸಲು ನಾಲ್ಕು ಸಾವಿರದಷ್ಟು ಹೋಯಿತು, ಪ್ರಮಾಣಪತ್ರಗಳ ಮರುಮುದ್ರಣಕ್ಕೆ ಇನ್ನೊಂದು ಸಾವಿರ. ಪ್ರವೇಶ ಶುಲ್ಕದಿಂದಲೇ ನಡೆಯುವ ಕೂಟಕ್ಕೆ ಇದು ಸಣ್ಣ ಪೆಟ್ಟಲ್ಲ.

ನಾನು ವಯಸ್ಸಿನ ಕಲಮನ್ನೇ ತೆಗೆದುಹಾಕಿದೆ. ಜನ್ಮದಿನಾಂಕ ಮತ್ತು ದಾಖಲೆಯ ಜೆರಾಕ್ಸ್, ಅಷ್ಟೇ ಕೇಳಿದೆ. ವಿಶ್ವ ಮಾಸ್ಟರ್ಸ್ ಕೂಟಗಳ ನಿಯಮದಂತೆ ಕೂಟದ ಮೊದಲ ದಿನಕ್ಕೆ ತುಂಬಿದ ವಯಸ್ಸೇ ಇಡೀ ಕೂಟಕ್ಕೆ ಅನ್ವಯ ಎಂದು ಪ್ರಕಟಣೆಯ ಮೊದಲ ಸಾಲಿನಲ್ಲೇ ಹಾಕಿಸಿದೆ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ B ಕಲಮಿಗೆ ಜನ್ಮದಿನಾಂಕ, E1ಕ್ಕೆ ಕೂಟದ ಮೊದಲ ದಿನ, C ಮತ್ತು D ಕಲಮುಗಳಿಗೆ ಈ ಎರಡು ಸೂತ್ರ:

```
=DATEDIF(B2,$E$1,"Y")
=FLOOR(C2,5)
```

ಎರಡನೆಯದು 35, 40, 45 ಎಂದು ಗುಂಪನ್ನೇ ಕೊಡುತ್ತದೆ. 35ಕ್ಕಿಂತ ಕಡಿಮೆ ಬಂದರೆ ಪ್ರವೇಶವಿಲ್ಲ. ದಿನಾಂಕವು ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಯಂತ್ರ ಅದನ್ನು ಬರಿಯ ಅಕ್ಷರವೆಂದು ಓದಿದೆ ಎಂದರ್ಥ; ಅದನ್ನು ಮತ್ತೆ ಬರೆಯಬೇಕು. ದಿನ ಮತ್ತು ತಿಂಗಳು ಅದಲುಬದಲಾಗಿದ್ದರೆ ಮಾತ್ರ ಸೂತ್ರ ಏನೂ ಹೇಳುವುದಿಲ್ಲ, ದಾಖಲೆಯ ಪಕ್ಕದಲ್ಲಿಟ್ಟು ಓದಲೇಬೇಕು.

ಇನ್ನೂರು ದಾಖಲೆಗಳನ್ನು ಯಾರು ಓದುತ್ತಾರೆ ಎಂದು ಗೆಳೆಯರು ಕೇಳಿದರು. ಎಲ್ಲವನ್ನೂ ಅಷ್ಟು ಸೂಕ್ಷ್ಮವಾಗಿ ಓದಬೇಕಾಗಿಲ್ಲ. 2024ರಲ್ಲಿ ಗುಂಪು ಬದಲಾಗುವುದು 4 ಅಥವಾ 9ಕ್ಕೆ ಮುಗಿಯುವ ಇಸವಿಯಲ್ಲಿ ಹುಟ್ಟಿದವರಿಗೆ ಮಾತ್ರ. 1973ರಲ್ಲಿ ಹುಟ್ಟಿದವರು ಆ ವರ್ಷದ ಯಾವ ದಿನ ನೋಡಿದರೂ 50ರ ಗುಂಪು, 1975ರವರು 45ರ ಗುಂಪು. ಉಳಿದವರಲ್ಲಿ ಇಸವಿ ಸರಿಯಿದೆಯೇ ಎಂದು ನೋಡಿದರೆ ಸಾಕು. ನನ್ನ ಕೈಯಲ್ಲಿ ನಲವತ್ತರಷ್ಟು ಜೆರಾಕ್ಸ್ ಉಳಿದವು, ಒಂದು ಸಂಜೆಯ ಕೆಲಸ. ತಿದ್ದಿದ ಜೆರಾಕ್ಸ್ ಗುರುತಿಸುವ ನನ್ನ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ತಿದ್ದುವವರೂ ಇದನ್ನು ಓದುತ್ತಾರೆ.

ನಿಜವಾದ ಪರೀಕ್ಷೆ ಬಸವನ ಬಾಗೇವಾಡಿ ಕಡೆಯ ಒಬ್ಬ ಗುಂಡು ಎಸೆತಗಾರರಿಂದ ಬಂತು. ಅವರ ಜನ್ಮದಿನಾಂಕ 8-12-1974. ಅವರ ಸ್ಪರ್ಧೆ ಎರಡನೆಯ ದಿನ, ಅಂದೇ ಐವತ್ತು ತುಂಬುತ್ತಿತ್ತು. 50ರ ಗುಂಪಿನಲ್ಲಿ ಗುಂಡು 6 ಕಿಲೋ, 45ರಲ್ಲಿ 7.26 ಕಿಲೋ. ಅಭ್ಯಾಸದಲ್ಲಿ 6 ಕಿಲೋ ಗುಂಡನ್ನು ಹತ್ತೂವರೆ ಮೀಟರ್ ದಾಟಿಸುತ್ತಿದ್ದರು, ದೊಡ್ಡ ಗುಂಡು ಒಂಬತ್ತೂವರೆಯ ಆಸುಪಾಸು. “ಸರ್, ನಾನು ಎಸೆಯುವ ದಿನ ನನಗೆ ಐವತ್ತು ತುಂಬಿರುತ್ತದಲ್ಲ?” ಎಂದು ವಾರ ಮೊದಲೇ ಕೇಳಿದರು. “ತುಂಬಿರುತ್ತದೆ ಕಾಕಾ, ಆದರೆ ಏಳನೇ ತಾರೀಖಿಗೆ ನಲವತ್ತೊಂಬತ್ತು” ಎಂದೆ. ಎಂಟರಂದು ಒಂದೇ ದಿನದ ಕೂಟವಾಗಿದ್ದರೆ ಅವರು ನಿಸ್ಸಂದೇಹವಾಗಿ 50ರ ಗುಂಪಿನವರು. ಹುಟ್ಟಿದ ತಾರೀಖಿನಂದೇ ವಯಸ್ಸು ತುಂಬುತ್ತದೆ. ಅವರು ಉಳಿದ ದಿನಗಳಲ್ಲಿ ದೊಡ್ಡ ಗುಂಡಿನಲ್ಲೇ ಅಭ್ಯಾಸ ಮಾಡಿ ಮೂರನೆಯವರಾದರು. ಅಂಕಣದಲ್ಲಿ ನಿಂತಾಗ ಈ ಸುದ್ದಿ ಸಿಕ್ಕಿದ್ದರೆ ಜಗಳ ಖಚಿತವಿತ್ತು.

ಕೂಟ ಮುಗಿದ ಮೇಲೆ ಸುಮ್ಮನೆ ಕುತೂಹಲಕ್ಕೆ E1ರಲ್ಲಿ 31-5-2025 ಹಾಕಿ ನೋಡಿದೆ, ಆಮೇಲೆ 1-6-2025. ಒಂದೇ ರಾತ್ರಿಯಲ್ಲಿ ಹತ್ತಾರು ಹೆಸರುಗಳು ಗುಂಪು ಬದಲಿಸಿದವು! ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡ ಮಕ್ಕಳು ಇವರೆಲ್ಲ. ದಾಖಲೆಯಲ್ಲಿರುವುದನ್ನೇ ನಾನು ಒಪ್ಪುತ್ತೇನೆ, ತಾಯಿ ಹೇಳಿದ ಸುಗ್ಗಿಯ ಲೆಕ್ಕವನ್ನು ಒಪ್ಪುವುದಿಲ್ಲ. ಜೂನ್ ಮೊದಲ ವಾರದಲ್ಲಿ ಕೂಟ ಇಡುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

ರಿಲೇಗೆ ಬೇರೆ ಹಾಳೆ ಮಾಡಿದೆ. ಅಲ್ಲಿ ತಂಡದ ಅತಿ ಕಿರಿಯ ಓಟಗಾರನ ವಯಸ್ಸೇ ತಂಡದ ಗುಂಪು. ಮೂವರು 55 ದಾಟಿದ್ದರೂ ನಾಲ್ಕನೆಯವನಿಗೆ 49 ಇದ್ದರೆ ತಂಡ 45ಕ್ಕೆ ಬೀಳುತ್ತದೆ. ಇದಕ್ಕೆ MIN ಸೂತ್ರ ಸಾಕು. ಮುಂದೆ ಪಟ್ಟಿ ಮಾಡುವವರು 2026ಕ್ಕೆ 1 ಮತ್ತು 6ಕ್ಕೆ ಮುಗಿಯುವ ಇಸವಿಗಳ ಜೆರಾಕ್ಸುಗಳನ್ನು ಬೇರೆ ಕಟ್ಟಿನಲ್ಲಿ ಇಟ್ಟುಕೊಳ್ಳಲಿ.