ಹಳೇ ಎಸ್‌ಆರ್‌ಗೂ ಹೊಸ ಸ್ಕ್ಯಾನ್‌ಗೂ ತಾಳೆ ಹಾಕಿದ್ದು

ನಾನು ಸಿವಿಲ್ ಎಸ್ಟಿಮೇಟ್ ಮಾಡೋನು. ಕೆಲಸಗಳ ದರಪಟ್ಟಿಗೆ ನಾವು ಎಸ್‌ಆರ್ ಅಂತೀವಿ, ಅದರ ಹಳೇ ಪುಸ್ತಕದ 412 ಐಟಂ ಯಾವತ್ತೋ ಎಕ್ಸೆಲ್‌ಗೆ ಹಾಕಿಸಿಟ್ಟುಕೊಂಡಿದ್ದೆ, ಈ ಸಲ ಹೊಸ ರೇಟು ಬಂದಿದ್ದು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ. ನನಗೆ ಬೇಕಿದ್ದಿದ್ದು ಬದಲಾದ ಸಾಲುಗಳು ಮಾತ್ರ. 300 ಡಿಪಿಐನಲ್ಲಿ ಪುಟಗಳನ್ನ ಇಮೇಜ್ ಮಾಡಿ, ಓಸಿಆರ್‌ನಿಂದ ಅದರಲ್ಲಿರೋ ಅಕ್ಷರಗಳನ್ನ ಟೆಕ್ಸ್ಟ್ ಮಾಡಿಸಿ ಎಕ್ಸೆಲ್‌ಗೆ ಅಂಟಿಸಿ ಎಲ್ಲಾ ಕಾಲಂ ಹೋಲಿಸಿದ್ರೆ 187 ಸಾಲು ಬದಲು ಅಂತ ಬಂತು. ಅದರಲ್ಲಿ ಬಹಳಷ್ಟು ವಿವರಣೆಯಲ್ಲಿ ಒಂದು ಸ್ಪೇಸ್, ಒಂದು ಕಾಮಾ ಹೆಚ್ಚುಕಮ್ಮಿ ಆಗಿದ್ದಷ್ಟೇ. ಹಾಗಾಗಿ ವಿವರಣೆ ಬಿಟ್ಟು ಐಟಂ ನಂಬರ್ ಹಿಡಿದು ಯೂನಿಟ್ಟು, ರೇಟು ಎರಡನ್ನೇ ಹೋಲಿಸಿದೆ. A ಐಟಂ ನಂಬರ್, C ಯೂನಿಟ್, D ರೇಟು, OLD ಅಂದ್ರೆ ಹಳೇ ಶೀಟ್:

```
=IFERROR(IF(AND(VLOOKUP(A2,OLD!A:D,3,0)=C2,VLOOKUP(A2,OLD!A:D,4,0)=D2),"","ಬದಲು"),"ಹೊಸ")
```

ಇದನ್ನೇ ತಿರುಗಿಸಿ ಹಳೇ ಶೀಟ್‌ನಲ್ಲೂ ಹಾಕಬೇಕು, ಇಲ್ಲಾಂದ್ರೆ ತೆಗೆದುಹಾಕಿರೋ ಐಟಂ ಗೊತ್ತೇ ಆಗಲ್ಲ.

ಆಮೇಲೆ ಹೊಸ ರೇಟನ್ನ ಹಳೇದರಿಂದ ಭಾಗಿಸಿ ಪಕ್ಕದಲ್ಲೊಂದು ಕಾಲಂ ಇಟ್ಟೆ, ನಿಜವಾದ ಉಪಯೋಗ ಆಗಿದ್ದು ಇದರಿಂದಾನೇ. ಬದಲಾದವುಗಳಲ್ಲಿ ಹೆಚ್ಚಿನವು 1.03ರಿಂದ 1.08ರ ಒಳಗೇ ಇದ್ವು. ಎರಡು ಕಡೆ ನೂರರ ಹತ್ತಿರ ಬಂತು, ನೋಡಿದ್ರೆ ಓಸಿಆರ್ ದಶಮಾಂಶದ ಚುಕ್ಕಿ ನುಂಗಿತ್ತು. ಒಂದು ಕಡೆ 6.26. ಅದು ಐಟಂ 2.10, ಎಕ್ಸೆಲ್ ಅದನ್ನ ಸಂಖ್ಯೆ ಅಂದ್ಕೊಂಡು 2.1 ಮಾಡಿಬಿಟ್ಟಿತ್ತು, VLOOKUP ಮೊದಲು ಸಿಕ್ಕ 2.1ರ 310 ರೂಪಾಯಿಗೆ 1,940ನ್ನ ತಾಳೆ ಹಾಕಿತ್ತು. ಅದರ ನಿಜವಾದ ಹಳೇ ರೇಟು 1,845. ಇಂಥ ಸೊನ್ನೆ ಒಂದ್ಸಲ ಹೋದ್ರೆ ಫಾರ್ಮ್ಯಾಟ್ ಬದಲಾಯಿಸಿದ್ರೂ ವಾಪಸ್ ಬರಲ್ಲ, ಪುಸ್ತಕ ನೋಡ್ಕೊಂಡು ಮತ್ತೆ ಟೈಪ್ ಮಾಡಿದೆ. ಈಗ ಡೇಟಾ ಒಳಗೆ ತರೋವಾಗ್ಲೇ ಆ ಕಾಲಂನ ಟೆಕ್ಸ್ಟ್ ಅಂತ ಹೇಳ್ತೀನಿ, ಮುಂದೆ R ಸೇರಿಸಿ R2.10 ಅಂತ ಇಡ್ತೀನಿ, ಯಾಕಂದ್ರೆ ಡೂಪ್ಲಿಕೇಟ್ ಹುಡುಕೋಕೆ COUNTIF ಹಾಕಿದ್ರೆ ಟೆಕ್ಸ್ಟ್ ಆಗಿದ್ರೂ 2.1, 2.10 ಎರಡೂ ಒಂದೇ ಅನ್ನುತ್ತೆ.

ಇಷ್ಟಾದ್ಮೇಲೆ 64 ಬದಲು, 6 ಹೊಸದು, 2 ಕೈಬಿಟ್ಟಿದ್ದು ಉಳೀತು. ಉಳಿದಷ್ಟನ್ನೂ ಹಳೇ ಪುಸ್ತಕ, ಹೊಸ ಸ್ಕ್ಯಾನ್ ಎರಡೂ ತೆರೆದಿಟ್ಕೊಂಡು ಕಣ್ಣಲ್ಲೇ ನೋಡಿದೆ. ತಾಳೆಯಾದ ಸಾಲುಗಳನ್ನ ಅಷ್ಟು ನೋಡೋದು ಬೇಡ, ಬೇರೆಬೇರೆ ಹೊತ್ತಲ್ಲಿ ಓದಿದ ಎರಡೂ ಒಂದೇ ಅಂಕಿ ಕೊಟ್ಟಿವೆ ಅಂದ್ರೆ ತಪ್ಪಿರೋ ಸಾಧ್ಯತೆ ತೀರಾ ಕಮ್ಮಿ, ಆದ್ರೂ ಪುಟಕ್ಕೊಂದು ಸಾಲು ನೋಡಿದೆ.

ಆ 64ರಲ್ಲಿ ಇಟ್ಟಿಗೆ ಕಟ್ಟಡದ ಒಂದೇ ಒಂದು ಸಾಲಲ್ಲಿ ರೇಟು ಇಳಿದಿತ್ತು, 5,860 ಇದ್ದಿದ್ದು 5,360, ಭಾಗಿಸಿದ್ರೆ 0.91. ಓಸಿಆರ್ 8ನ್ನ 3 ಅಂತ ಓದಿರಬೇಕು ಅಂದ್ಕೊಂಡು ಸ್ಕ್ಯಾನ್ ದೊಡ್ಡದು ಮಾಡಿ ನೋಡಿದ್ರೆ ಸ್ಪಷ್ಟವಾಗಿ 3 ಇತ್ತು. ಹಳೇ ಪುಸ್ತಕ ತೆಗೆದ್ರೆ ಅದರಲ್ಲೂ 5,360. ತಪ್ಪಿದ್ದಿದ್ದು ನನ್ನ ಹಳೇ ಎಕ್ಸೆಲ್‌ನಲ್ಲಿ. ಪಟ್ಟಿಯಿಂದ ಆ ಸಾಲು ತೆಗೆದು 63 ಮಾಡಿದೆ, ಆಮೇಲೆ ಆ ರೇಟು ಹಾಕಿದ್ದ ಹಳೇ ಎಸ್ಟಿಮೇಟ್‌ಗಳನ್ನ ಒಂದೊಂದೇ ತೆಗೆದು ನೋಡೋಕೆ ಕೂತೆ.